ಉಪ್ಪು ಕರಗುತ್ತೆ, ಸಿಲ್ವರ್ ಕ್ಲೋರೈಡ್ ಯಾಕೆ ಕರಗಲ್ಲ?

ಪಿಯುಸಿ ಮಕ್ಕಳಿಗೆ ಮೊದಲ ಸಲ ಈ ಪಾಠ ಮಾಡಿದಾಗ ನಾನು ಎಡವಿದ್ದೆ. ಕರಗುವಾಗ ಶಾಖ ಹೊರಬಂದರೆ ಕರಗುತ್ತೆ, ಇಲ್ಲಾಂದ್ರೆ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟೆ. ಒಬ್ಬಳು ಹುಡುಗಿ ಲೆಕ್ಕ ಹಾಕಿ ಕೇಳಿದಳು: "ಸರ್, ಅಡುಗೆ ಉಪ್ಪಿಗೆ ಪ್ಲಸ್ 4 ಕಿಲೋಜೂಲ್ ಬರ್ತಿದೆ, ಅಂದ್ರೆ ಶಾಖ ಒಳಗೆ ಹೋಗ್ತಿದೆ. ಹಾಗಾದ್ರೆ ಅದು ಕರಗಲೇಬಾರದಲ್ವಾ?"

ಈಗ ಬೋರ್ಡ್ ಮೇಲೆ ತ್ರಿಕೋನ ಬರೆದೇ ಶುರು ಮಾಡುತ್ತೇನೆ. ಒಂದು ಮೂಲೆಯಲ್ಲಿ ಹರಳು, ಇನ್ನೊಂದರಲ್ಲಿ ಬಿಡಿಬಿಡಿಯಾದ ಅನಿಲ ಅಯಾನುಗಳು, ಮೂರನೆಯದರಲ್ಲಿ ನೀರಿನೊಳಗಿನ ಅಯಾನುಗಳು. ಹರಳಿನಿಂದ ನೇರವಾಗಿ ನೀರಿಗೆ ಹೋದರೂ ಅಷ್ಟೇ, ಅನಿಲದ ಮೂಲೆ ಸುತ್ತಿಕೊಂಡು ಹೋದರೂ ಅಷ್ಟೇ, ಒಟ್ಟು ಶಾಖ ಒಂದೇ. ಒಂದು ಮೋಲ್ ಉಪ್ಪಿನ ಹರಳನ್ನು ಬಿಡಿಸೋಕೆ 787 ಕಿಲೋಜೂಲ್ ಕೊಡಬೇಕು. ಆ ಅಯಾನುಗಳನ್ನು ನೀರು ಸುತ್ತುವರಿದಾಗ ಸುಮಾರು 783 ವಾಪಸ್ ಬರುತ್ತೆ. ಉಳಿದ 4 ನೀರಿನಿಂದಲೇ ಹೋಗಬೇಕು. ಥರ್ಮಾಕೋಲ್ ಲೋಟದಲ್ಲಿ 100 ಮಿಲಿ ನೀರಿಗೆ 10 ಗ್ರಾಂ ಉಪ್ಪು ಹಾಕಿ ಕಲಕಿದರೆ ಥರ್ಮಾಮೀಟರ್ ಸುಮಾರು ಒಂದು ಡಿಗ್ರಿ ಇಳಿಯುತ್ತೆ, ಪ್ಲಸ್ ಚಿಹ್ನೆ ಸರಿ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಇದನ್ನು ತೋರಿಸಲೇಬೇಕು. ಎರಡು ದೊಡ್ಡ ಸಂಖ್ಯೆಗಳ ನಡುವಿನ ಚಿಕ್ಕ ವ್ಯತ್ಯಾಸ ಇದು. ಒಂದು ಅಂಕಿ ಈ ಪುಸ್ತಕದಿಂದ, ಇನ್ನೊಂದು ಆ ಪುಸ್ತಕದಿಂದ ತಗೊಂಡರೆ ಹತ್ತು ಕಿಲೋಜೂಲ್ ಆಚೀಚೆ ಆಗಿ ಚಿಹ್ನೆಯೇ ತಿರುಗಿಬಿಡುತ್ತೆ. ನನಗೆ ಆಗಿದೆ.

ಇನ್ನು ಸಿಲ್ವರ್ ಕ್ಲೋರೈಡ್. ಲ್ಯಾಬಿನಲ್ಲಿ ಉಪ್ಪಿನ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದ ಕೂಡಲೇ ಒಡೆದ ಹಾಲಿನ ಹಾಗೆ ಬೆಳ್ಳಗೆ ಕೂರುತ್ತಲ್ಲ, ಅದೇ. ಇದರ ಹರಳು ಬಿಡಿಸೋಕೆ 905 ಬೇಕು, ವಾಪಸ್ ಬರೋದು ಸುಮಾರು 840. ಅಂದರೆ 65 ಕಡಿಮೆ. ಸಿಲ್ವರ್ ಅಯಾನನ್ನು ನೀರು ಸೋಡಿಯಂಗಿಂತ ಗಟ್ಟಿಯಾಗಿಯೇ ಹಿಡಿಯುತ್ತೆ, 57 ಜಾಸ್ತಿ ಕೊಡುತ್ತೆ. ಆದರೆ ಹರಳು 118 ಜಾಸ್ತಿ ಕೇಳುತ್ತೆ. ಸಿಲ್ವರ್ ಅಯಾನು ಸೋಡಿಯಂಗಿಂತ ಸ್ವಲ್ಪ ದೊಡ್ಡದು, ಬರೀ ಪ್ಲಸ್-ಮೈನಸ್ ಸೆಳೆತವಾಗಿದ್ದರೆ ಹರಳು ಸಡಿಲ ಇರಬೇಕಿತ್ತು. ಸಿಲ್ವರ್ ಮತ್ತು ಕ್ಲೋರಿನ್ ನಡುವೆ ಎಲೆಕ್ಟ್ರಾನ್ ಹಂಚಿಕೆಯೂ ಸ್ವಲ್ಪ ಇದೆ, ಬಿಗಿ ಅಲ್ಲಿಂದ ಬರೋದು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಎಂಟ್ರೋಪಿಯಲ್ಲಿದೆ, ಅಂದರೆ ಎಷ್ಟು ಚದುರಿದೆ ಅನ್ನೋದರ ಅಳತೆಯಲ್ಲಿ. ಅಯಾನುಗಳು ಚದುರುವುದರಿಂದ ಕೋಣೆಯ ಉಷ್ಣತೆಯಲ್ಲಿ ಉಪ್ಪಿಗೆ ಸುಮಾರು 13 ಕಿಲೋಜೂಲ್‌ನಷ್ಟು ಅನುಕೂಲ ಸಿಗುತ್ತೆ, ಸಿಲ್ವರ್ ಕ್ಲೋರೈಡಿಗೆ ಸುಮಾರು 10. ನಾಲ್ಕರ ಸಾಲ ಹದಿಮೂರರಲ್ಲಿ ತೀರುತ್ತೆ, 65 ಹತ್ತರಲ್ಲಿ ತೀರಲ್ಲ. ಅದಕ್ಕೇ ಒಂದು ಲೀಟರ್ ನೀರಲ್ಲಿ ಉಪ್ಪು ಸುಮಾರು 360 ಗ್ರಾಂ ಕರಗಿದರೆ ಇದು ಎರಡು ಮಿಲಿಗ್ರಾಂ ಕೂಡ ಕರಗಲ್ಲ.

ಕೊನೆಗೆ ಅಮೃತಶಿಲೆಯ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಕೊಡುತ್ತೇನೆ. ಲೆಕ್ಕ ಮೈನಸ್ 13 ಬರುತ್ತೆ, ಆದರೂ ಕರಗಲ್ಲ. ಎರಡೆರಡು ಚಾರ್ಜಿನ ಅಯಾನುಗಳು ಸುತ್ತಲಿನ ನೀರನ್ನು ಎಷ್ಟು ಬಿಗಿಯಾಗಿ ಸಾಲು ನಿಲ್ಲಿಸುತ್ತವೆ ಅಂದರೆ, ಎಂಟ್ರೋಪಿಯೇ 60 ಕಿಲೋಜೂಲ್‌ನಷ್ಟು ಎದುರು ನಿಲ್ಲುತ್ತೆ. ತ್ರಿಕೋನದಲ್ಲಿ ಈ 60 ಎಲ್ಲೂ ಕಾಣಿಸಲ್ಲ.