ಕೈಬರಹದ ಡಿರೈವೇಶನ್ ಫೋಟೊದಲ್ಲಿದ್ದಾಗ: n ಭಾಜಕದ ವೇರಿಯನ್ಸ್ ಪಕ್ಷಪಾತಿಯೇ ಎಂದು ಪರೀಕ್ಷಿಸುವುದು ಹೇಗೆ?

ನೋಟ್‌ಬುಕ್ಕಿನ ಒಂದು ಪುಟದ ಫೋಟೊ ನಿಮ್ಮ ಮುಂದಿದೆ ಎಂದುಕೊಳ್ಳಿ. ಮೊದಲ ಸಾಲಿನಲ್ಲಿ ಮಾದರಿ ವೇರಿಯನ್ಸ್‌ನ ವ್ಯಾಖ್ಯೆ ಇದೆ, ಅದರ ಭಾಜಕ n. ಕೊನೆಯ ಸಾಲಿನಲ್ಲಿ ಅದರ ನಿರೀಕ್ಷಿತ ಮೌಲ್ಯ σ² ಎಂದು ಬರೆದು, ‘ಆದ್ದರಿಂದ ಪಕ್ಷಪಾತವಿಲ್ಲ’ ಎಂದು ಮುಗಿಸಲಾಗಿದೆ. ಪುಟದಲ್ಲಿರುವುದು ಇಷ್ಟು:

```
(1)  S² = (1/n) Σ (xᵢ − x̄)²
(2)     = (1/n) Σ xᵢ² − x̄²
(3)  E[xᵢ²] = σ² + μ²
(4)  E[x̄²] = μ²
(5)  E[S²] = σ² + μ² − μ² = σ²
```

ಇಲ್ಲಿ ಪಕ್ಷಪಾತ ಎಂಬ ಮಾತಿಗೆ ಖಚಿತವಾದ ಅರ್ಥವಿದೆ. ಒಂದೇ ಸಮಷ್ಟಿಯಿಂದ n ಗಾತ್ರದ ಮಾದರಿಗಳನ್ನು ಮತ್ತೆ ಮತ್ತೆ ತೆಗೆದು ಪ್ರತಿ ಸಲವೂ S² ಕಂಡುಹಿಡಿದರೆ, ಆ ಬೆಲೆಗಳ ಸರಾಸರಿ ದೀರ್ಘಾವಧಿಯಲ್ಲಿ σ² ಆಗಬೇಕು. ಆಗದಿದ್ದರೆ S² ಪಕ್ಷಪಾತಿ. ಯಾವುದೋ ಒಂದು ಮಾದರಿಯಲ್ಲಿ S² ಹೆಚ್ಚೋ ಕಡಿಮೆಯೋ ಬಂದರೆ ಅದು ಪಕ್ಷಪಾತವಲ್ಲ.

ಮೊದಲ ಕೆಲಸ, ಫೋಟೊದಲ್ಲಿರುವುದನ್ನು ಸಾಲು ಸಾಲಾಗಿ ಬೇರೆ ಹಾಳೆಗೆ ಇಳಿಸಿಕೊಳ್ಳುವುದು. ಫೋಟೊವನ್ನೇ ನೋಡುತ್ತಾ ತಪ್ಪು ಹುಡುಕಲು ಹೊರಟರೆ, ಅಲ್ಲಿ ಇರಬೇಕಾದ ಚಿಹ್ನೆಯನ್ನು ಕಣ್ಣು ತಾನಾಗಿಯೇ ಸೇರಿಸಿಕೊಂಡು ಓದಿಬಿಡುತ್ತದೆ. ಅನುಮಾನವಿರುವ ಪ್ರತಿ ಚಿಹ್ನೆಗೂ ಸುತ್ತು ಹಾಕಿ. ಹೆಚ್ಚು ಕಾಡುವುದು x ಮೇಲಿನ ಗೀಟು, ಏಕೆಂದರೆ ಅದು ಹಾಳೆಯ ಅಚ್ಚಾದ ಗೆರೆಯೊಂದಿಗೆ ಬೆರೆತುಹೋಗುತ್ತದೆ ಅಥವಾ ಬೆಳಕಿನಲ್ಲಿ ಮಾಸಿಹೋಗುತ್ತದೆ. ಅವಸರದಲ್ಲಿ ಬರೆದ μ ಕೂಡ ಎಷ್ಟೋ ಸಲ x ನಂತೆಯೇ ಕಾಣುತ್ತದೆ.

ಈ ಒಂದು ಗೀಟಿನ ಮೇಲೆ ಇಡೀ ಉತ್ತರ ನಿಂತಿದೆ. ಆವರಣದೊಳಗೆ ಇರುವುದು ಸಮಷ್ಟಿಯ ನಿಜವಾದ ಸರಾಸರಿ μ ಆಗಿದ್ದರೆ, ಪ್ರತಿ (xᵢ − μ)² ನ ನಿರೀಕ್ಷಿತ ಮೌಲ್ಯ σ². ಅಂಥ n ಪದಗಳನ್ನು ಕೂಡಿ n ನಿಂದ ಭಾಗಿಸಿದರೆ σ² ಬರುತ್ತದೆ, ಪಕ್ಷಪಾತದ ಪ್ರಶ್ನೆಯೇ ಏಳುವುದಿಲ್ಲ. ಇರುವುದು ಮಾದರಿಯ ಸರಾಸರಿ x̄ ಆಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಫೋಟೊದಲ್ಲಿ ಗೀಟು ಸ್ಪಷ್ಟವಿಲ್ಲದಿದ್ದರೆ ಮುಂದಿನ ಸಾಲಿನಿಂದ ಅದನ್ನು ತಿಳಿಯಬಹುದು: (2)ನೆಯ ಸಾಲಿನಷ್ಟು ಚಿಕ್ಕದಾಗಿ ವರ್ಗವನ್ನು ಬಿಡಿಸಲು ಸಾಧ್ಯವಾಗುವುದು x̄ ಇದ್ದಾಗ ಮಾತ್ರ, ಏಕೆಂದರೆ ಆಗ Σxᵢ ಎಂಬುದು n x̄ ಆಗಿ ಎರಡು ಪದಗಳು ಒಂದಾಗುತ್ತವೆ. μ ಇದ್ದಿದ್ದರೆ x̄ μ ಎಂಬ ಗುಣಲಬ್ಧದ ಪದವೊಂದು ಉಳಿದುಕೊಳ್ಳುತ್ತಿತ್ತು. ನಮ್ಮ ಪುಟದಲ್ಲಿ ಹಾಗೆ ಉಳಿದಿಲ್ಲವಾದ್ದರಿಂದ ಅದು x̄ ಎಂದೇ ಓದಬೇಕು.

ಎರಡನೆಯ ಕೆಲಸ, ಕೊನೆಯ ಉತ್ತರವನ್ನು n = 1 ಇಟ್ಟು ನೋಡುವುದು. ನನಗೆ ಇದಕ್ಕಿಂತ ಪ್ರಿಯವಾದ ಪರೀಕ್ಷೆ ಈ ವಿಷಯದಲ್ಲಿ ಬೇರೆ ಇಲ್ಲ. ಮಾದರಿಯಲ್ಲಿ ಒಂದೇ ಸಂಖ್ಯೆಯಿದ್ದರೆ ಅದರ ಸರಾಸರಿಯೂ ಅದೇ ಸಂಖ್ಯೆ. ಆದ್ದರಿಂದ S² ಯಾವಾಗಲೂ 0, ಅದರ ನಿರೀಕ್ಷಿತ ಮೌಲ್ಯವೂ 0. ಆದರೆ ಪುಟದ ಉತ್ತರ n ಎಷ್ಟೇ ಇರಲಿ σ² ಎನ್ನುತ್ತದೆ. ಹಾಗಾಗಿ ಎಲ್ಲೋ ತಪ್ಪಾಗಿದೆ ಎಂಬುದು ಇಷ್ಟರಿಂದಲೇ ಖಚಿತವಾಯಿತು. ಎಲ್ಲಿ ಎಂಬುದನ್ನೂ ಇದೇ ಪರೀಕ್ಷೆ ತೋರಿಸುತ್ತದೆ: n = 1 ಆದಾಗ x̄ ಮತ್ತು x₁ ಒಂದೇ ಆಗಿರುವುದರಿಂದ (3) ಮತ್ತು (4) ಒಂದೇ ಬೆಲೆ ಕೊಡಬೇಕು, ಆದರೆ ಒಂದು σ² + μ² ಎನ್ನುತ್ತದೆ, ಇನ್ನೊಂದು ಬರೀ μ² ಎನ್ನುತ್ತದೆ.

ಉಳಿದ ಸಾಲುಗಳನ್ನು ಬೇಗ ನೋಡಿ ಮುಗಿಸಬಹುದು. (2)ನೆಯ ಸಾಲು ಬರೀ ಬೀಜಗಣಿತವಾದ್ದರಿಂದ ಅದು ಯಾವುದೇ ಸಂಖ್ಯೆಗಳಿಗೆ ಸರಿಹೊಂದಬೇಕು. 1 ಮತ್ತು 7 ತೆಗೆದುಕೊಂಡರೆ ಸರಾಸರಿ 4; ವ್ಯಾಖ್ಯೆಯ ಪ್ರಕಾರ (9 + 9)/2 = 9, (2)ರ ಪ್ರಕಾರ (1 + 49)/2 − 16 = 9. ಹೀಗೆ ಸಂಖ್ಯೆ ಇಟ್ಟು ನೋಡುವುದು ಸಾಧನೆಯಲ್ಲ, ಆದರೆ ತಪ್ಪಿದ್ದರೆ ಸಾಮಾನ್ಯವಾಗಿ ಹೊರಬೀಳುತ್ತದೆ. (3) ಎಂಬುದು ವೇರಿಯನ್ಸ್‌ನ ವ್ಯಾಖ್ಯೆಯೇ: ವರ್ಗದ ನಿರೀಕ್ಷಿತ ಮೌಲ್ಯದಿಂದ ನಿರೀಕ್ಷಿತ ಮೌಲ್ಯದ ವರ್ಗವನ್ನು ಕಳೆದರೆ σ².

ತಪ್ಪು ಇರುವುದು (4)ರಲ್ಲಿ. x̄ ನ ನಿರೀಕ್ಷಿತ ಮೌಲ್ಯ μ ಎಂಬುದು ನಿಜ, ಆದರೆ ಅದರಿಂದ x̄² ನ ನಿರೀಕ್ಷಿತ ಮೌಲ್ಯ μ² ಎಂದಾಗುವುದಿಲ್ಲ. ಮಾದರಿ ಬದಲಾದಂತೆ x̄ ಕೂಡ μ ನ ಆಚೀಚೆ ಓಲಾಡುತ್ತದೆ, ಆ ಓಲಾಟಕ್ಕೂ ತನ್ನದೇ ಆದ ವೇರಿಯನ್ಸ್ ಇದೆ. xᵢ ಗಳು ಪರಸ್ಪರ ಸ್ವತಂತ್ರವಾಗಿದ್ದರೆ ಅದು σ²/n. (3)ರಲ್ಲಿ xᵢ ಗೆ ಅನ್ವಯಿಸಿದ ನಿಯಮವನ್ನೇ x̄ ಗೂ ಅನ್ವಯಿಸಿದರೆ ಸರಿಯಾದ ಸಾಲುಗಳು ಹೀಗಾಗುತ್ತವೆ:

```
(4)  E[x̄²] = σ²/n + μ²
(5)  E[S²] = σ² − σ²/n = ((n − 1)/n) σ²
```

ಈಗ n = 1 ಇಟ್ಟರೆ 0 ಬರುತ್ತದೆ. n = 2 ಆದಾಗ S² ಸರಾಸರಿಯಲ್ಲಿ σ² ನ ಅರ್ಧ; n = 10 ಆದಾಗ ಶೇ 10ರಷ್ಟು ಕಡಿಮೆ; n = 100 ಆದಾಗ ಶೇ 1ರಷ್ಟು ಕಡಿಮೆ. ಲೆಕ್ಕದಲ್ಲಿ ಚಿಹ್ನೆ ತಪ್ಪಿ (n + 1)/n ಬಂದಿದ್ದರೆ ಅದನ್ನೂ ಕೂಡಲೇ ತಳ್ಳಿಹಾಕಬಹುದು. ಮಾದರಿಯ ಸಂಖ್ಯೆಗಳಿಗೆ x̄ ಗಿಂತ ಹತ್ತಿರವಾದ ಬಿಂದು, ವರ್ಗಗಳ ಮೊತ್ತದ ಅಳತೆಯಲ್ಲಿ, ಬೇರೊಂದಿಲ್ಲ. ಆದ್ದರಿಂದ μ ಬದಲು x̄ ಬಳಸಿದಾಗ ಮೊತ್ತ ಕುಗ್ಗಬಹುದೇ ಹೊರತು ಹಿಗ್ಗಲಾರದು.

ಮೂರನೆಯ ಕೆಲಸ, ಎಲ್ಲ ಮಾದರಿಗಳನ್ನೂ ಎಣಿಸಬಹುದಾದಷ್ಟು ಚಿಕ್ಕ ಸಮಷ್ಟಿಯಲ್ಲಿ ಉತ್ತರವನ್ನು ಕೈಯಾರೆ ತಾಳೆ ನೋಡುವುದು. ಸಮಷ್ಟಿ 1, 4, 7 ಆಗಿರಲಿ. μ = 4, σ² = (9 + 0 + 9)/3 = 6. ತೆಗೆದ ಸಂಖ್ಯೆಯನ್ನು ಮತ್ತೆ ಒಳಗಿಟ್ಟು ಎರಡೆರಡು ಆರಿಸಿದರೆ, ಕ್ರಮವನ್ನೂ ಗಣಿಸಿದಾಗ, 9 ಮಾದರಿಗಳು. ಎರಡು ಸಂಖ್ಯೆಗಳ ಮಾದರಿಯಲ್ಲಿ S² ಎಂದರೆ ಅವುಗಳ ವ್ಯತ್ಯಾಸದ ವರ್ಗದ ಕಾಲುಭಾಗ. ಒಂದೇ ಸಂಖ್ಯೆ ಎರಡು ಸಲ ಬರುವ 3 ಮಾದರಿಗಳಲ್ಲಿ ಅದು 0. ವ್ಯತ್ಯಾಸ 3 ಇರುವ 4 ಮಾದರಿಗಳಲ್ಲಿ 2.25, ವ್ಯತ್ಯಾಸ 6 ಇರುವ 2 ಮಾದರಿಗಳಲ್ಲಿ 9. ಒಟ್ಟು 9 + 18 = 27, ಸರಾಸರಿ 3. ತಿದ್ದಿದ ಸೂತ್ರ ಹೇಳಿದಂತೆ 6ರ ಅರ್ಧ. ಭಾಜಕ n − 1 ಆಗಿದ್ದಿದ್ದರೆ ಪ್ರತಿಯೊಂದು ಬೆಲೆಯೂ ಇಮ್ಮಡಿಯಾಗಿ ಸರಾಸರಿ ಸರಿಯಾಗಿ 6 ಬರುತ್ತಿತ್ತು.

ಈ ಎಣಿಕೆಯಲ್ಲಿ ಎಡವುವ ಜಾಗವೊಂದಿದೆ. ತೆಗೆದ ಸಂಖ್ಯೆಯನ್ನು ಮತ್ತೆ ಒಳಗಿಡದೆ ಆರಿಸಿದರೆ ಉಳಿಯುವ ಜೋಡಿಗಳು ಮೂರೇ: 1 ಮತ್ತು 4, 4 ಮತ್ತು 7, 1 ಮತ್ತು 7. S² ಬೆಲೆಗಳು 2.25, 2.25, 9, ಸರಾಸರಿ 4.5. ಇದನ್ನು ಕಂಡು ಸೂತ್ರವೇ ತಪ್ಪು ಎಂದುಕೊಳ್ಳಬಾರದು. ಮೊದಲು ತೆಗೆದ ಸಂಖ್ಯೆ ಎರಡನೆಯದನ್ನು ನಿರ್ಬಂಧಿಸುವುದರಿಂದ ಇಲ್ಲಿ ಸ್ವಾತಂತ್ರ್ಯವಿಲ್ಲ, x̄ ನ ವೇರಿಯನ್ಸ್ 6/2 = 3 ಆಗಿ ಉಳಿಯುವುದಿಲ್ಲ. ಮೂರು ಜೋಡಿಗಳ ಸರಾಸರಿಗಳು 2.5, 5.5, 4; ಅವುಗಳ ವೇರಿಯನ್ಸ್ 1.5. σ² ನಿಂದ ಅದನ್ನು ಕಳೆದರೆ 6 − 1.5 = 4.5, ಎಣಿಸಿ ಪಡೆದದ್ದೂ ಅಷ್ಟೇ. ಆದ್ದರಿಂದ (4)ನೆಯ ಸಾಲನ್ನು ತಿದ್ದುವಾಗ σ²/n ಎಂದು ಬರೆಯುವ ಮೊದಲು, ಪುಟದ ಮೇಲ್ಭಾಗದಲ್ಲಿ xᵢ ಗಳು ಸ್ವತಂತ್ರ ಎಂಬ ಮಾತಿದೆಯೇ ಎಂದು ನೋಡಬೇಕು. ಫೋಟೊ ತೆಗೆಯುವಾಗ ಅಂಚಿನಲ್ಲಿ ಕತ್ತರಿಸಿಹೋಗುವುದು ಬಹುಮಟ್ಟಿಗೆ ಅದೇ ಸಾಲು. ಕಾಣದಿದ್ದರೆ ಪೂರ್ತಿ ಪುಟದ ಫೋಟೊ ಮತ್ತೊಮ್ಮೆ ಕೇಳಿ ತರಿಸಿಕೊಳ್ಳಿ.