ಮೊದಲು ರಸೀದಿ, ಆಮೇಲೆ ಮಿತಿ: ಒಂದು ಟಿಎ ಬಿಲ್ ನೋಡಿದ ಬಗೆ

ಪೀಣ್ಯದಲ್ಲಿರುವ ಒಂದು ಯಂತ್ರ ತಯಾರಿಸುವ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನಾನಿದ್ದೇನೆ. ಸರ್ವಿಸ್ ಎಂಜಿನಿಯರುಗಳು ಊರೂರು ತಿರುಗಿ ಬಂದು ಕೊಡುವ ಟಿಎ ಬಿಲ್ಲುಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಎಷ್ಟು ಮಂಜೂರಾಯಿತು, ಯಾವ ಸಾಲು ಯಾಕೆ ಹೋಯಿತು ಎಂದು ಬರೆದು ಹಿಂದಿರುಗಿಸಬೇಕು. ಮೊದಮೊದಲು ನಾನು ಕೆಂಪು ಪೆನ್ನಿನಲ್ಲಿ ಒಟ್ಟು ಮೊತ್ತ ತಿದ್ದಿ, ಸಹಿ ಹಾಕಿ ಕಳಿಸಿಬಿಡುತ್ತಿದ್ದೆ. ಅದರಿಂದ ಆದ ಅನ್ಯಾಯ ಗೊತ್ತಾದ ಮೇಲೆ ಕೆಲಸದ ಕ್ರಮವನ್ನೇ ಬದಲಿಸಿಕೊಂಡೆ. ಈಚೆಗೆ ನೋಡಿದ ಒಂದು ಬಿಲ್ಲನ್ನು ಹಿಡಿದು ಆ ಕ್ರಮವನ್ನು ಹೇಳುತ್ತೇನೆ.

ನಮ್ಮ ಎಂಜಿನಿಯರ್ ಒಬ್ಬರು ಸೋಮವಾರ ರಾತ್ರಿ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಗೆ ಹೊರಟು, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಮೂರು ದಿನ ಕೆಲಸ ಮುಗಿಸಿ, ಶುಕ್ರವಾರ ಬೆಳಿಗ್ಗೆ ವಾಪಸಾದರು. ಅವರು ಬರೆದ ಒಟ್ಟು ಖರ್ಚು 13,200 ರೂಪಾಯಿ. ಹೋಗುವ ರೈಲು 1,120, ಬರುವ ರೈಲು 1,120, ಬಸ್ಸು 1,300, ಲಾಡ್ಜು 4,590, ಊಟ ತಿಂಡಿ 1,450, ವಾಡಿಗೆ ಎರಡು ದಿನದ ಟ್ಯಾಕ್ಸಿ 3,200, ಆಟೋ 420.

ನಮ್ಮ ಕಂಪನಿಯಲ್ಲಿ ಅವರ ದರ್ಜೆಯವರಿಗೆ ಥರ್ಡ್ ಎಸಿ ಇಲ್ಲವೇ ಸ್ಲೀಪರ್ ಬಸ್ಸು ಉಂಟು. ಜಿಲ್ಲಾ ಕೇಂದ್ರಗಳಲ್ಲಿ ರೂಮಿಗೆ ಒಂದು ರಾತ್ರಿಗೆ 1,800, ತೆರಿಗೆ ಬೇರೆ. ಊಟಕ್ಕೆ ದಿನಕ್ಕೆ 500. ಯಾವುದೇ ಖರ್ಚು 200 ದಾಟಿದರೆ ರಸೀದಿ ಬೇಕೇ ಬೇಕು, ಅದಕ್ಕಿಂತ ಕಡಿಮೆಯಾದರೆ ಅವರೇ ಬರೆದು ಸಹಿ ಮಾಡಿದರೆ ಸಾಕು. ಬಟ್ಟೆ ಒಗೆಸುವ ಖರ್ಚು ನಾಲ್ಕು ರಾತ್ರಿ ಮೀರಿದ ಪ್ರವಾಸಕ್ಕೆ ಮಾತ್ರ. ಈ ಬಿಲ್ಲಿಗೆ ಬೇಕಾದ ನಿಯಮಗಳು ಇಷ್ಟೇ.

ನಾನು ಮೊತ್ತಗಳನ್ನು ನೋಡುವ ಮೊದಲು ಪ್ರವಾಸವನ್ನು ದಿನಾಂಕದ ಪ್ರಕಾರ ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ. ಯಾವ ರಾತ್ರಿ ಎಲ್ಲಿ ಮಲಗಿದರು, ಯಾವ ಹಗಲು ಎಲ್ಲಿ ಕೆಲಸ ಮಾಡಿದರು ಎಂದು. ಸೋಮವಾರ ರಾತ್ರಿ ರೈಲು, ಮಂಗಳ ಬುಧ ಲಾಡ್ಜು. ಗುರುವಾರ ರಾತ್ರಿಯ ಮುಂದೆ ಮಾತ್ರ ಎರಡು ಟಿಕೆಟ್ ಬಂದು ಕೂತವು, ರೈಲಿನದೊಂದು, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನದೊಂದು. ಖರ್ಚಿನ ಪಟ್ಟಿಯಲ್ಲಿ ಇವು ದೂರದೂರದ ಸಾಲುಗಳಲ್ಲಿದ್ದವು, ಹಾಗೇ ಓದಿಕೊಂಡು ಹೋಗಿದ್ದರೆ ಕಣ್ಣಿಗೆ ಬೀಳುತ್ತಿರಲಿಲ್ಲ.

ರೈಲು ಟಿಕೆಟ್ ತೆಗೆದು ನೋಡಿದೆ. ಬುಕ್ ಮಾಡಿದ ಹೊತ್ತಿನ ಸ್ಥಿತಿ ವೇಟಿಂಗ್ ಲಿಸ್ಟ್ ಎಂದಿತ್ತು. ಇ-ಟಿಕೆಟ್ಟಿನ ಪ್ರಿಂಟು ಟಿಕೆಟ್ ತೆಗೆದದ್ದಕ್ಕೆ ಸಾಕ್ಷಿಯೇ ಹೊರತು ಪ್ರಯಾಣ ಮಾಡಿದ್ದಕ್ಕಲ್ಲ. ಚಾರ್ಟ್ ಆದ ಮೇಲೂ ವೇಟಿಂಗ್ ಲಿಸ್ಟಿನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗಿ, ಸ್ವಲ್ಪ ಹಿಡಿದುಕೊಂಡು ಮಿಕ್ಕ ಹಣ ಖಾತೆಗೆ ವಾಪಸ್ ಬರುತ್ತದೆ. ಆದರೆ ಬರುವುದಕ್ಕೆ ಕೆಲವು ದಿನ ಹಿಡಿಯುವುದರಿಂದ, ಬಿಲ್ ಬರೆಯುವ ದಿನ ಎಷ್ಟೋ ಜನರಿಗೆ ಅದು ಬಂದಿರುವುದಿಲ್ಲ, ಬರುತ್ತದೆಂಬ ನೆನಪೂ ಇರುವುದಿಲ್ಲ. ಫೋನ್ ಮಾಡಿದೆ. "ಹೌದ್ರಿ ಮೇಡಂ, ಕನ್ಫರ್ಮ್ ಆಗಲಿಲ್ಲ, ಅದಕ್ಕ ಬಸ್ ಹಿಡಿದೆ. ರೊಕ್ಕ ವಾಪಸ್ ಬಂದದೋ ಇಲ್ಲೋ ನೋಡೇ ಇಲ್ರಿ" ಎಂದರು. ಖಾತೆ ನೋಡಿ ಹೇಳಿದರು, 1,033 ಬಂದಿತ್ತು. ಅಂದರೆ ಅವರ ಕೈಬಿಟ್ಟದ್ದು 87 ರೂಪಾಯಿ. ಸಾಲನ್ನು ಪೂರ್ತಿ ಹೊಡೆದುಹಾಕುವುದು ಸುಲಭವಿತ್ತು. ಆದರೆ ಟಿಕೆಟ್ ತೆಗೆದದ್ದು ಕಂಪನಿಯ ಕೆಲಸಕ್ಕೇ, ಆ 87 ಅವರ ತಲೆಗೆ ಬರಬಾರದು. 87 ಮಂಜೂರು, 1,033 ತಿರಸ್ಕೃತ ಎಂದು ಬರೆದೆ. ಬಸ್ಸಿನ 1,300, ಹೋಗುವ ರೈಲಿನ 1,120 ಸರಿಯಿದ್ದವು.

ಲಾಡ್ಜಿನ ಬಿಲ್ಲಿನಲ್ಲಿ ರೂಮ್ ಬಾಡಿಗೆ ರಾತ್ರಿಗೆ 2,100, ಅದರ ಮೇಲೆ ಶೇಕಡಾ 5 ಜಿಎಸ್‌ಟಿ 105, ಎರಡು ರಾತ್ರಿಗೆ 4,410. ಕೆಳಗೆ ಬಟ್ಟೆ ಒಗೆಸಿದ್ದು 180. ಮಿತಿ 1,800, ತೆರಿಗೆ ಬೇರೆ ಎಂದು ನಿಯಮ ಹೇಳುತ್ತದೆ. ಆದರೆ ಯಾವ ಮೊತ್ತದ ಮೇಲಿನ ತೆರಿಗೆ ಎಂದು ಹೇಳುವುದಿಲ್ಲ. ಬಿಲ್ಲಿನ 105 ಅನ್ನು ಪೂರ್ತಿ ಕೊಟ್ಟರೆ ಮಿತಿ ಮೀರಿದ 300 ರೂಪಾಯಿಯ ತೆರಿಗೆಯನ್ನೂ ಕಂಪನಿಯೇ ಕಟ್ಟಿದಂತೆ. ಹಾಗಾಗಿ ನಾನು 1,800ಕ್ಕೆ ಬರುವ 90 ಮಾತ್ರ ಸೇರಿಸುತ್ತೇನೆ. ಎರಡು ರಾತ್ರಿಗೆ 3,780 ಆಯಿತು, 630 ಕಡಿತ. ಇದು ನನ್ನ ತೀರ್ಮಾನ, ಬೇರೆ ಕಂಪನಿಯಲ್ಲಿ ಬೇರೆ ಇರಬಹುದು. ಯಾವುದೇ ಇರಲಿ, ಎಲ್ಲರ ಬಿಲ್ಲಿಗೂ ಒಂದೇ ಆಗಿರಬೇಕು ಎಂದು ನಮ್ಮ ಮ್ಯಾನೇಜರಿಂದ ಬರೆಸಿ ಇಟ್ಟುಕೊಂಡಿದ್ದೇನೆ. ಬಿಲ್ ಕಂಪನಿಯ ಹೆಸರಿನಲ್ಲಿದೆಯೇ, ನಮ್ಮ ಜಿಎಸ್‌ಟಿ ನಂಬರ್ ಇದೆಯೇ ಎಂಬುದನ್ನೂ ಇಲ್ಲೇ ನೋಡಬೇಕು. ಲಾಡ್ಜು ಕರ್ನಾಟಕದಲ್ಲಿದ್ದು ನಂಬರ್ ಸರಿಯಿದ್ದರೆ ತೆರಿಗೆಯ ಕ್ರೆಡಿಟ್ಟು ನಮಗೆ ಸಿಕ್ಕೀತು. ಅದೇ ಲಾಡ್ಜು ಹೈದರಾಬಾದಿನಲ್ಲಿದ್ದರೆ ತೆರಿಗೆ ತೆಲಂಗಾಣದ್ದಾಗುತ್ತದೆ, ನಮ್ಮ ಕರ್ನಾಟಕದ ನೋಂದಣಿಗೆ ಅದು ಸಿಗುವುದಿಲ್ಲ.

ಬಟ್ಟೆಯ 180 ಮಿತಿಯ ಪ್ರಶ್ನೆಯಲ್ಲ, ಪ್ರವಾಸ ನಾಲ್ಕು ರಾತ್ರಿ ಮೀರದ್ದರಿಂದ ಅರ್ಹವೇ ಅಲ್ಲ. ಲಾಡ್ಜ್ ಬಿಲ್ಲಿನ ಒಟ್ಟು ಮೊತ್ತವನ್ನು ಒಂದೇ ಸಾಲಾಗಿ ಬರೆದಿದ್ದರಿಂದ ನಾನೇ ಅದನ್ನು ಎರಡು ಸಾಲು ಮಾಡಿದೆ. ಒಂದೇ ಸಾಲಿನಲ್ಲಿ 810 ಕಡಿತ ಎಂದರೆ ಯಾವುದಕ್ಕೆ ಎಷ್ಟು ಹೋಯಿತೆಂದು ಅವರಿಗೆ ತಿಳಿಯುವುದಿಲ್ಲ.

ಇನ್ನು ಊಟ. ನಾನು ಬಹುಕಾಲ ತಪ್ಪು ಮಾಡಿದ್ದು ಇಲ್ಲೇ.

ಮಂಗಳವಾರ ತಿಂಡಿ 120, ಮಧ್ಯಾಹ್ನದ ಊಟ 220, ರಾತ್ರಿ ಊಟ 300, ಒಟ್ಟು 640. ಮಧ್ಯಾಹ್ನದ್ದಕ್ಕೆ ಬಿಲ್ ಇತ್ತು. ರಾತ್ರಿಯದಕ್ಕೆ ಯುಪಿಐ ಸ್ಕ್ರೀನ್‌ಶಾಟ್ ಮಾತ್ರ. ಸ್ಕ್ರೀನ್‌ಶಾಟ್ ಹಣ ಯಾರಿಗೆ ಹೋಯಿತೆಂದು ತೋರಿಸುತ್ತದೆ, ಏನನ್ನು ಕೊಂಡರೆಂದು ತೋರಿಸುವುದಿಲ್ಲ. ಹಾಗಾಗಿ ಅದು ರಸೀದಿಯಲ್ಲ. ಹಿಂದೆ ನಾನು ಮಾಡುತ್ತಿದ್ದುದು ಹೀಗೆ: ದಿನದ ಮಿತಿ 500, ಆದ್ದರಿಂದ 140 ಕಡಿತ. ಆಮೇಲೆ ರಸೀದಿಯಿಲ್ಲದ 300 ಕಡಿತ. ಉಳಿದದ್ದು 200. ನೋಡಲು ಎರಡು ನಿಯಮವನ್ನೂ ಪಾಲಿಸಿದಂತೆಯೇ ಕಾಣುತ್ತದೆ. ಆದರೆ ರಸೀದಿಯಿಲ್ಲದ ಊಟವನ್ನು ಲೆಕ್ಕದಿಂದ ತೆಗೆದ ಮೇಲೆ ಆ ದಿನದ ಖರ್ಚು 340 ಅಷ್ಟೇ. ಅದು ಮಿತಿಯನ್ನು ಮೀರುವುದೇ ಇಲ್ಲ. ಮಿತಿಯ ಹೆಸರಿನಲ್ಲಿ ಕತ್ತರಿಸಿದ 140 ರೂಪಾಯಿ ಎರಡನೆಯ ಸಲ ಹಾಕಿದ ದಂಡ. ಹಿರಿಯ ತಂತ್ರಜ್ಞರೊಬ್ಬರು ತಮ್ಮ ಬಿಲ್ ಹಿಡಿದು ಬಂದು, "ನೀವು ಬಿಟ್ಟ ಊಟ ಬಿಟ್ಟು ಮಿಕ್ಕಿದ್ದನ್ನ ಕೂಡಿಸಿ ನೋಡಮ್ಮ" ಎಂದು ಪಕ್ಕದಲ್ಲಿ ನಿಂತು ಕೂಡಿಸಿದಾಗ ನನಗೆ ಇದು ಹೊಳೆಯಿತು. ಅದುವರೆಗೆ ಎಷ್ಟು ಜನರಿಗೆ ಹೀಗೆ ಕಡಿಮೆ ಕೊಟ್ಟಿದ್ದೆನೋ ಎಂದು ಅಂದು ರಾತ್ರಿ ನಿದ್ದೆ ಬರಲಿಲ್ಲ. ಆ ವರ್ಷದ ಬಿಲ್ಲುಗಳನ್ನು ಮತ್ತೆ ತೆಗೆದು ವ್ಯತ್ಯಾಸವನ್ನು ಮುಂದಿನ ತಿಂಗಳ ಪಾವತಿಯಲ್ಲಿ ಸೇರಿಸಿಕೊಟ್ಟೆ.

ಅಂದಿನಿಂದ ಕ್ರಮ ಇದು. ಮೊದಲು ಈ ಖರ್ಚು ಅರ್ಹವೇ, ಆಮೇಲೆ ರಸೀದಿ ಇದೆಯೇ, ಇವೆರಡನ್ನೂ ದಾಟಿ ಬಂದವುಗಳನ್ನು ಮಾತ್ರ ದಿನವಾರು ಕೂಡಿಸಿ ಕೊನೆಗೆ ಮಿತಿ. ಎಕ್ಸೆಲ್ ಹಾಳೆಯಲ್ಲಿ A ಕಾಲಮ್ ದಿನಾಂಕ, B ಬಾಬತ್ತು, C ಕೇಳಿದ ಮೊತ್ತ, D ರಸೀದಿ ಇದ್ದರೆ Y. E ಕಾಲಮ್ಮಿನಲ್ಲಿ ರಸೀದಿ ನಿಯಮ ದಾಟಿದ ಮೊತ್ತ ಬರುತ್ತದೆ. H2 ನಲ್ಲಿರುವ ದಿನಾಂಕದ ಊಟದ ಮಂಜೂರಾತಿಗೆ E ಯನ್ನು ಮಾತ್ರ ಕೂಡಿಸುತ್ತೇನೆ, C ಯನ್ನಲ್ಲ.

```
E2:  =IF(AND(C2>200, D2<>"Y"), 0, C2)
I2:  =MIN(SUMIFS(E:E, A:A, H2, B:B, "Food"), 500)
```

ಮಂಗಳವಾರಕ್ಕೆ 340 ಬಂತು. ಬುಧವಾರದ 430, ಗುರುವಾರದ 380 ಹಾಗೆಯೇ ಉಳಿದವು. ಊಟದ ಮಂಜೂರಾತಿ 1,150, ತಿರಸ್ಕೃತ 300.

ಈ ಕ್ರಮದಿಂದ ಇನ್ನೊಂದು ವಿಷಯವೂ ಹುಟ್ಟುತ್ತದೆ. ಅವರು ಆ ರಾತ್ರಿಯ ಬಿಲ್ ಮುಂದೆ ತಂದುಕೊಟ್ಟರೆ 300 ಪೂರ್ತಿ ಸಿಗುವುದಿಲ್ಲ. ಆಗ ದಿನದ ಮೊತ್ತ 640 ಆಗಿ, ಮಿತಿ ತಗುಲಿ, ಹೆಚ್ಚೆಂದರೆ 160 ಸಿಗುತ್ತದೆ. ಇದನ್ನು ತಿರಸ್ಕಾರದ ಸಾಲಿನಲ್ಲೇ ಬರೆಯದಿದ್ದರೆ, ಬಿಲ್ಲಿಗಾಗಿ ಓಡಾಡಿ ಕೊನೆಗೆ ಇದೇನು ಮತ್ತೆ ಕಡಿತ ಎಂದು ನೊಂದುಕೊಳ್ಳುತ್ತಾರೆ.

ಟ್ಯಾಕ್ಸಿಯ ಎರಡು ಬಿಲ್ಲುಗಳು ಕೈಬರಹದವು, ಮಂಗಳವಾರ ಮತ್ತು ಬುಧವಾರದವು, ನಂಬರುಗಳು ಒಂದರ ಹಿಂದೊಂದು. ಇಂಥದ್ದು ಕಂಡರೆ ಅನುಮಾನ ಬರುವುದು ಸಹಜ. ಆದರೆ ಒಂದೇ ಕಾರು ಇಟ್ಟುಕೊಂಡವನ ಬಿಲ್ ಪುಸ್ತಕದಲ್ಲಿ ಎರಡು ದಿನಕ್ಕೆ ಎರಡು ಹಾಳೆ ಹರಿಯುವುದೂ ಅಷ್ಟೇ ಸಹಜ. ನಾನು ನೋಡಿದ್ದು ಕಿಲೋಮೀಟರ್ ರೀಡಿಂಗು. ಎರಡು ದಿನದ ದೂರ ಹೆಚ್ಚುಕಡಿಮೆ ಒಂದೇ ಇತ್ತು, ಮಂಗಳವಾರ ಮುಗಿದ ರೀಡಿಂಗಿಗಿಂತ ಬುಧವಾರ ಶುರುವಾದದ್ದು ಮುಂದಿತ್ತು. ಗುರುವಾರ ಕಾರ್ಖಾನೆಯ ಜೀಪಿನಲ್ಲಿ ಹೋದೆ ಎಂದು ಅವರ ಸರ್ವಿಸ್ ರಿಪೋರ್ಟಿನಲ್ಲಿತ್ತು, ಆ ದಿನಕ್ಕೆ ಟ್ಯಾಕ್ಸಿ ಹಾಕಿರಲಿಲ್ಲ. 3,200 ಮಂಜೂರು.

ಆಟೋದಲ್ಲಿ ಸೋಮವಾರದ 180 ಸರಿ. ಶುಕ್ರವಾರ ಬಸ್ ನಿಲ್ದಾಣದಿಂದ ಮನೆಗೆ 240, ರಸೀದಿಯಿಲ್ಲ, ತಿರಸ್ಕೃತ. ಹಲವರು ಇಂಥ ಕಡೆ 195 ಎಂದು ಬರೆದು ದಾಟಿಕೊಳ್ಳುತ್ತಾರೆ. ಒಬ್ಬರ ಬಿಲ್ಲುಗಳಲ್ಲಿ 190, 195, 198 ಮತ್ತೆ ಮತ್ತೆ ಬಂದರೆ ನನಗೆ ತಿಳಿಯುತ್ತದೆ. ಇವರು ಇದ್ದದ್ದನ್ನು ಇದ್ದ ಹಾಗೆ ಬರೆದು 240 ಕಳೆದುಕೊಂಡರಲ್ಲ ಎಂದು ಬೇಸರವಾಯಿತು.

ಲೆಕ್ಕ ಕೂಡಿಸಿದೆ. ಮಂಜೂರು 10,817, ತಿರಸ್ಕೃತ 2,383, ಎರಡೂ ಸೇರಿ 13,200. ಈ ಮೂರು ತಾಳೆಯಾಗದೆ ನಾನು ಯಾವ ಬಿಲ್ಲನ್ನೂ ಕಳಿಸುವುದಿಲ್ಲ. ಅವರು 8,000 ಅಡ್ವಾನ್ಸ್ ತೆಗೆದುಕೊಂಡಿದ್ದರು, ಆದ್ದರಿಂದ ಕೈಗೆ ಬರುವುದು 2,817. ಮಂಜೂರಾದದ್ದನ್ನೂ ಕೈಗೆ ಬರುವುದನ್ನೂ ಬೇರೆ ಬೇರೆ ಬರೆಯುತ್ತೇನೆ. ಇಲ್ಲದಿದ್ದರೆ ಅಡ್ವಾನ್ಸನ್ನೂ ಕಡಿತ ಎಂದುಕೊಳ್ಳುವವರಿದ್ದಾರೆ. ಕೆಳಗೆ ಐದು ಸಾಲು:

ಗುರುವಾರದ ರೈಲು: 1,120ರಲ್ಲಿ 1,033 ಇಲ್ಲ. ಟಿಕೆಟ್ ರದ್ದಾಗಿ ಹಣ ನಿಮ್ಮ ಖಾತೆಗೆ ಬಂದಿದೆ.
ರೂಮ್ ಬಾಡಿಗೆ: 4,410ರಲ್ಲಿ 630 ಇಲ್ಲ. ರಾತ್ರಿಗೆ 1,800 ಮತ್ತು ಅದರ ತೆರಿಗೆ 90 ಮಾತ್ರ.
ಬಟ್ಟೆ ಒಗೆಸಿದ್ದು: 180 ಇಲ್ಲ. ಪ್ರವಾಸ ನಾಲ್ಕು ರಾತ್ರಿ ಮೀರಿಲ್ಲ.
ಮಂಗಳವಾರ ರಾತ್ರಿ ಊಟ: 300 ಸದ್ಯಕ್ಕೆ ಇಲ್ಲ. ಹೋಟೆಲಿನ ಬಿಲ್ ಕೊಟ್ಟರೆ 160 ಸಿಗುತ್ತದೆ.
ಶುಕ್ರವಾರದ ಆಟೋ: 240 ಸದ್ಯಕ್ಕೆ ಇಲ್ಲ. ರಸೀದಿ ಕೊಟ್ಟರೆ ಪೂರ್ತಿ ಸಿಗುತ್ತದೆ.

ಕೊನೆಯ ಎರಡು ಸಾಲಿನ "ಸದ್ಯಕ್ಕೆ" ಎಂಬ ಪದವನ್ನು ನಾನು ಯೋಚಿಸಿಯೇ ಬರೆಯುತ್ತೇನೆ. ಮೊದಲ ಮೂರಕ್ಕೆ ಅವರು ಏನು ತಂದರೂ ಉತ್ತರ ಬದಲಾಗುವುದಿಲ್ಲ. ಇವೆರಡಕ್ಕೆ ಬದಲಾಗುತ್ತದೆ.

ಮರುದಿನ ಅವರು ಫೋನ್ ಮಾಡಿ, ಆಟೋವನ್ನು ಆ್ಯಪ್‌ನಲ್ಲಿ ಬುಕ್ ಮಾಡಿದ್ದೆ, ರಸೀದಿ ಇಮೇಲಿಗೆ ಬಂದಿರಬೇಕು ಎಂದರು. ಹುಡುಕಿ ಕಳಿಸಿದರು. ಊಟದ ಬಿಲ್ಲನ್ನು ಕಲಬುರಗಿಯ ಹೋಟೆಲಿನವರು ತಮ್ಮ ಕಂಪ್ಯೂಟರಿನಿಂದ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸಿದ್ದರು. ಬಿಲ್ಲಿನ ದಿನಾಂಕವನ್ನೂ ಹೊತ್ತನ್ನೂ ಸ್ಕ್ರೀನ್‌ಶಾಟಿನ ಜತೆ ಹೋಲಿಸಿದೆ, ನಾಲ್ಕು ನಿಮಿಷದ ಅಂತರವಿತ್ತು. D ಕಾಲಮ್ಮಿನ ಎರಡು ಕಡೆ Y ಹಾಕಿದೆ. ಮಂಜೂರಾತಿ 11,217ಕ್ಕೆ ಏರಿತು, ತಿರಸ್ಕೃತ 1,983ಕ್ಕೆ ಇಳಿಯಿತು. ಹೆಚ್ಚುವರಿ 400 ರೂಪಾಯಿಗೆ ಬೇರೆ ವೋಚರ್ ಮಾಡಿ, ಮೊದಲ ವೋಚರಿನ ನಂಬರನ್ನು ಅದರ ಮೇಲೆ ಬರೆದು ಫೈಲಿಗೆ ಸೇರಿಸಿದೆ.