ಟ್ಯಾಗ್ ಮಾಡುವ ಮೊದಲು ರಸ್ತೆ ಯಾರದ್ದು ನೋಡಿ

ಹೋದ ಮಳೆಗಾಲದಲ್ಲಿ ಕೊಪ್ಪಳ ಜಿಲ್ಲೆಯ ನಮ್ಮೂರಲ್ಲಿ ಅಕ್ಕಿ ಗಿರಣಿ ಕಡೆ ಹೋಗುವ ರಸ್ತೆಯಲ್ಲಿ ಒಂದು ತಗ್ಗು ಬಿತ್ತು. ಎಕ್ಸ್‌ನಲ್ಲಿ ಹತ್ತಾರು ಜನ ಫೋಟೊ ಹಾಕಿದರು. ಮುಖ್ಯಮಂತ್ರಿಯಿಂದ ಪ್ರಧಾನಿವರೆಗೆ ಟ್ಯಾಗ್ ಮಾಡಿದ್ದರು, ಬೈಗುಳಕ್ಕೂ ಕೊರತೆ ಇರಲಿಲ್ಲ. ತಗ್ಗು ಎಲ್ಲಿದೆ ಅಂತ ಮಾತ್ರ ಒಬ್ಬರೂ ಬರೆದಿರಲಿಲ್ಲ. ಅವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ.

ಮೊದಲು ಫೋಟೊ ತೆಗೆಯಿರಿ. ಎರಡು ಸಾಕು. ಒಂದರಲ್ಲಿ ತಗ್ಗಿನ ಪಕ್ಕ ನೀರಿನ ಬಾಟಲಿ ಇಡಿ, ಆಳ ಗೊತ್ತಾಗುತ್ತದೆ. ಇನ್ನೊಂದನ್ನು ದೂರದಿಂದ, ಅಂಗಡಿ ಬೋರ್ಡೋ ವಿದ್ಯುತ್ ಕಂಬವೋ ಕಾಣುವ ಹಾಗೆ ತೆಗೆಯಿರಿ. ಬಿದ್ದವರ ಮುಖ ಹಾಕಬೇಡಿ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಊರೊಳಗಿನ ರಸ್ತೆ ಎಲ್ಲಾ ನಗರಸಭೆಯದ್ದೇ ಅಂದುಕೊಳ್ಳಬೇಡಿ. ಊರ ನಡುವೆ ಹಾಯ್ದು ಹೋಗುವ ದೊಡ್ಡ ರಸ್ತೆ ಎಷ್ಟೋ ಸಲ ಲೋಕೋಪಯೋಗಿ ಇಲಾಖೆಯದ್ದು, ಅದರ ಪಕ್ಕದ ಗಲ್ಲಿ ನಗರಸಭೆಯದ್ದು. ಊರ ಹೊರಗೆ ಹೋಗಿ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕೇಸರಿ ಇದ್ದರೆ ಹಳ್ಳಿ ರಸ್ತೆ. ಕೊಪ್ಪಳದಿಂದ ಹೊಸಪೇಟೆ ಕಡೆ ಹೋಗುವ 67ನೇ ನಂಬರಿನದು ಹಳದಿ ತಲೆಯದ್ದು. ಅಲ್ಲಿಯ ತಗ್ಗಿಗೆ ನಗರಸಭೆಯನ್ನು ಟ್ಯಾಗ್ ಮಾಡಿದರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅನ್ನುವ ಒಂದು ಸಾಲು ಬರುತ್ತದೆ, ಕಥೆ ಮುಗಿಯಿತು.

ತಗ್ಗಿನ ಆಕಾರವನ್ನೂ ನೋಡಿ, ಸುಮ್ನೆ ಹೇಳುತ್ತಿಲ್ಲ. ಅಂಚು ಚಾಕುವಿನಿಂದ ಕೊಯ್ದ ಹಾಗೆ ನೇರವಾಗಿ, ಉದ್ದಕ್ಕೆ ಇದ್ದರೆ ಅದು ಪೈಪ್ ಹಾಕಲು ಅಗೆದು ಸರಿಯಾಗಿ ಮುಚ್ಚದೆ ಬಿಟ್ಟದ್ದು. ಅಗೆದವರು ಯಾರು ಅಂತ ಪಕ್ಕದ ಚಹಾ ಅಂಗಡಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ದುಂಡಗೆ, ಅಂಚು ಚೂರುಚೂರಾಗಿ ಇದ್ದರೆ ನೀರು ನಿಂತು ಡಾಂಬರು ಬಿಟ್ಟದ್ದು. ಮೇಲೆ ಭತ್ತದ ಲಾರಿ ಹೋದಾಗಲೆಲ್ಲ ಒಂದು ಹಿಡಿ ಜಲ್ಲಿ ಕಿತ್ತು ಬರುತ್ತದೆ. ನಮ್ಮದು ಈ ಎರಡನೆಯದು. ಪಕ್ಕದ ಗಟಾರ ಕಟ್ಟಿಕೊಂಡು ನೀರು ರಸ್ತೆಗೆ ಬರುತ್ತಿತ್ತು.

ಯಾರದ್ದು ಅಂತ ಗೊತ್ತಾದ ಮೇಲೆ ಮೊದಲು ಸಹಾಯವಾಣಿಗೆ ದೂರು ಕೊಡಿ. ರಾಷ್ಟ್ರೀಯ ಹೆದ್ದಾರಿ ಆದರೆ 1033, ಉಳಿದದ್ದಕ್ಕೆ ರಾಜ್ಯದ 1902. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಂಖ್ಯೆ ಇಲ್ಲದ ಪೋಸ್ಟಿಗೆ "ದೂರು ಕೊಡಿ" ಅನ್ನುವುದು ಸುಲಭ, ಸಂಖ್ಯೆ ಇದ್ದರೆ ಹಾಗೆ ಹೇಳಲು ಬರುವುದಿಲ್ಲ.

ಈಗ ಬರೆಯಿರಿ. ನಾನು ಎರಡನೇ ಸಲ ಬರೆದದ್ದು ಹೀಗಿತ್ತು:

"ನಮಸ್ಕಾರ ಸರ್. ಬಸ್ ನಿಲ್ದಾಣದಿಂದ ಅಕ್ಕಿ ಗಿರಣಿ ಕಡೆ ಹೋಗುವ ರಸ್ತೆಯಲ್ಲಿ, ಎರಡನೇ ಮೋರಿ ದಾಟಿ ಎಡಗಡೆ ತಗ್ಗು ಬಿದ್ದಿದೆ. ಉದ್ದ 4 ಅಡಿ, ಆಳ ಮುಕ್ಕಾಲು ಅಡಿ. ನೀರು ನಿಂತರೆ ಕಾಣುವುದಿಲ್ಲ. ದಯವಿಟ್ಟು ಮುಚ್ಚಿಸಿ."

ಜೊತೆಗೆ ಊರಿನ ಹೆಸರು, ದೂರಿನ ಸಂಖ್ಯೆ, ಕೊನೆಗೆ ಇಲಾಖೆಯ ಹೆಸರು ಹಾಕಿದೆ. ಮೊದಲ ಸಲ "ಕಣ್ಣು ಕಾಣಲ್ವಾ, ಎಷ್ಟು ತಿಂದ್ರಿ?" ಅಂತ ಬರೆದಿದ್ದೆ. ಅದು ಓದಲು ಖಾರವಾಗಿತ್ತು, ಆದರೆ ಅದರಲ್ಲಿ ಎಂಜಿನಿಯರ್ ಮಾಡಬೇಕಾದ ಕೆಲಸ ಏನೂ ಇರಲಿಲ್ಲ. ಲಂಚದ ಮಾತಿಗೆ ನಿಮ್ಮ ಹತ್ತಿರ ಕಾಗದ ಇಲ್ಲದಿದ್ದರೆ ಅದು ನಿಮ್ಮ ಮೇಲೇ ಕೇಸಾಗಬಹುದು.

ಪೋಸ್ಟನ್ನು @ ಗುರುತಿನಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಎಕ್ಸ್ ಅದನ್ನು ಉತ್ತರ ಅಂತ ಲೆಕ್ಕ ಹಾಕುತ್ತದೆ, ನಿಮ್ಮನ್ನೂ ಅವರನ್ನೂ ಹಿಂಬಾಲಿಸುವವರ ಪುಟದಲ್ಲಿ ಮಾತ್ರ ಅದು ಬರುತ್ತದೆ. ಇನ್ನು 280 ಅಕ್ಷರ ಅಂದರೆ ನಮಗೆ ಅಷ್ಟು ಸಿಗುವುದಿಲ್ಲ, "ಕಿ" ಅಂದರೆ ಎರಡು, "ಸ್ತೆ" ಅಂದರೆ ನಾಲ್ಕು ಎಣಿಸುತ್ತದೆ. ಅದಕ್ಕೇ ನಕ್ಷೆಯ ಕೊಂಡಿಯನ್ನು ಕೆಳಗೆ ಉತ್ತರವಾಗಿ ಹಾಕಿ.

ಟ್ಯಾಗ್ ಎರಡೇ ಇರಲಿ: ರಸ್ತೆ ಯಾರದ್ದೋ ಅವರು, ಜೊತೆಗೆ ಜಿಲ್ಲಾಧಿಕಾರಿ ಕಚೇರಿ. ಹದಿನೈದು ಜನರನ್ನು ಎಳೆದರೆ ಬೇರೆಯವರು ನೋಡಿಕೊಳ್ಳಲಿ ಅಂತ ಪ್ರತಿಯೊಬ್ಬರೂ ಬಿಡುತ್ತಾರೆ. ಕಚೇರಿಗಳ ಹೆಸರಲ್ಲಿ ನಕಲಿ ಖಾತೆಗಳು ಜಾಸ್ತಿ, ಆದ್ದರಿಂದ ಹೆಸರನ್ನು koppal.nic.in ತರಹದ ಸರ್ಕಾರಿ ಪುಟದಲ್ಲಿ ನೋಡಿ ಹಾಕಿ. ಆಮೇಲೆ ಒಂದು ವಾರ ಸುಮ್ಮನಿರಿ. ದಿನಾ ಹಾಕುವವರನ್ನು ಮ್ಯೂಟ್ ಮಾಡುತ್ತಾರೆ. ವಾರದ ಮೇಲೆ ಹಳೆಯ ಪೋಸ್ಟಿಗೇ ಹೊಸ ಫೋಟೊ ಸೇರಿಸಿ.

ನಮ್ಮ ತಗ್ಗು ಹನ್ನೆರಡನೇ ದಿನಕ್ಕೆ ಮುಚ್ಚಿತು. ಮುಚ್ಚಿದ ಫೋಟೊ ಹಾಕಿ ಧನ್ಯವಾದ ಹೇಳಿದೆ. ಗಟಾರ ಮಾತ್ರ ಹಾಗೇ ಇದೆ. ಅದು ನಗರಸಭೆಯದ್ದು, ಅದಕ್ಕೆ ಬೇರೆ ದೂರು, ಬೇರೆ ಪೋಸ್ಟು ಬೇಕು, ನಾಳೆ ಬೆಳಿಗ್ಗೆ ಬಾಟಲಿ ಹಿಡಿದುಕೊಂಡು ಮತ್ತೆ ಹೋಗುತ್ತೇನೆ.